ಹುಲ್ಲುಹಾಸಿನ ಹಳದಿ ಕಲೆ: ನೀರಿನ ಕೊರತೆಯೋ, ಗೊಣ್ಣೆಹುಳುವೋ, ನಾಯಿಯ ಮೂತ್ರವೋ?

ಮಳೆಗಾಲ ಹಿಂದೆ ಸರಿದು ಬಿಸಿಲು ಮತ್ತೆ ಚುರುಕಾಗುವ ಹೊತ್ತಿಗೆ ಬೆಂಗಳೂರು, ಮೈಸೂರಿನ ಮನೆಗಳ ಮುಂದಿನ ಪುಟ್ಟ ಹುಲ್ಲುಹಾಸುಗಳಲ್ಲಿ ಹಳದಿ ಕಲೆಗಳು ಕಾಣಿಸಿಕೊಳ್ಳುತ್ತವೆ. ಮನೆಯವರು ಮೊದಲು ನೀರು ಹೆಚ್ಚಿಸುತ್ತಾರೆ. ಅದಕ್ಕೆ ಬಗ್ಗದಿದ್ದರೆ ಮಾಲಿ ಬಂದು ಒಂದು ಹಿಡಿ ಯೂರಿಯಾ ಎರಚುತ್ತಾನೆ. ಅದಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯಿಂದ ಕೀಟನಾಶಕದ ಬಾಟಲಿ ಬರುತ್ತದೆ. ಮೂರರಲ್ಲಿ ಒಂದಾದರೂ ನಾಟಬಹುದು ಎಂಬ ಲೆಕ್ಕ ಇದು. ಆದರೆ ಈ ಕಾಯಿಲೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಒಂದು ಕಾರಣಕ್ಕೆ ಮದ್ದಾದದ್ದು ಇನ್ನೊಂದನ್ನು ಉಲ್ಬಣಗೊಳಿಸುತ್ತದೆ. ನಾಯಿಯ ಮೂತ್ರ ಬಿದ್ದು ಸುಟ್ಟ ಹುಲ್ಲಿನ ಮೇಲೆ ಯೂರಿಯಾ ಹಾಕಿದರೆ ಯಾವ ವಸ್ತು ಅದನ್ನು ಸುಟ್ಟಿತ್ತೋ ಅದನ್ನೇ ಇನ್ನಷ್ಟು ಸುರಿದಂತಾಗುತ್ತದೆ. ಹುಳು ಬೇರು ತಿಂದಿರುವ ಕಡೆ ಬರೀ ನೀರು ಕೊಟ್ಟರೆ ಅದನ್ನು ಹೀರಲು ಅಲ್ಲಿ ಬೇರೇ ಇರುವುದಿಲ್ಲ. ನೀರಿಲ್ಲದೆ ಒಣಗಿದ್ದಕ್ಕೆ ಕೀಟನಾಶಕ ಹಾಕಿದರೆ ಹುಲ್ಲಿಗೆ ಏನೂ ಆಗದು, ಎರೆಹುಳು ಸಾಯುತ್ತವೆ.

ಮೂರೂ ಕಾರಣಗಳು ಕೊನೆಗೆ ಹುಲ್ಲಿಗೆ ಕೊಡುವುದು ಒಂದೇ ಬಣ್ಣ. ಆದ್ದರಿಂದ ಬಣ್ಣ ನೋಡಿ ಕಾರಣ ಹೇಳುವುದು ಕಷ್ಟ. ಕಲೆಯ ನಡುವೆ ನಿಂತು ನೋಡಿದರೆ ಎಲ್ಲವೂ ಸತ್ತ ಹುಲ್ಲೇ. ಹಸಿರು ಮುಗಿದು ಹಳದಿ ಶುರುವಾಗುವ ಅಂಚಿನಲ್ಲಿ ಕೂತು ನೋಡಬೇಕು. ಕಾರಣ ಇನ್ನೂ ಕೆಲಸ ಮಾಡುತ್ತಿರುವುದು ಅಲ್ಲಿ. ಆಮೇಲೆ ಅದೇ ಅಂಚಿನಲ್ಲಿ ಮಣ್ಣು ಬಗೆದು ಬೇರು ನೋಡಬೇಕು. ಅಂಚು ಮತ್ತು ಬೇರು ಇವೆರಡನ್ನು ಓದಲು ಬಂದರೆ ಹತ್ತರಲ್ಲಿ ಎಂಟು ಕಲೆಗಳ ಮೂಲ ಅಂಗಳದಲ್ಲೇ ತಿಳಿದುಹೋಗುತ್ತದೆ ಎಂಬುದು ನನ್ನ ಅನುಭವ.

ನೀರಿನ ಕೊರತೆಯಿಂದ ಶುರು ಮಾಡೋಣ, ಇದನ್ನು ತಳ್ಳಿಹಾಕುವುದು ಎಲ್ಲಕ್ಕಿಂತ ಸುಲಭ. ಬಾಯಾರಿದ ಹುಲ್ಲು ಒಮ್ಮೆಲೇ ಹಳದಿಯಾಗುವುದಿಲ್ಲ. ಮೊದಲು ಅದರ ಹಸಿರು ಮಂಕಾಗಿ ಬೂದಿ ಬೆರೆತ ನೀಲಿಯ ಕಡೆಗೆ ವಾಲುತ್ತದೆ. ಗರಿಗಳು ಉದ್ದಕ್ಕೂ ಮಡಚಿಕೊಂಡು ಸೂಜಿಯಂತಾಗುತ್ತವೆ. ಈ ಹಂತದಲ್ಲಿ ಹುಲ್ಲಿನ ಮೇಲೆ ನಡೆದು ಹಿಂತಿರುಗಿ ನೋಡಿದರೆ ಹೆಜ್ಜೆ ಗುರುತು ಹಾಗೇ ಉಳಿದಿರುತ್ತದೆ. ನೀರು ತುಂಬಿಕೊಂಡ ಗರಿ ತುಳಿದರೂ ಎದ್ದು ನಿಲ್ಲುತ್ತದೆ, ಬತ್ತಿದ್ದು ಮಲಗೇ ಇರುತ್ತದೆ. ಸಂಜೆ ಹೊತ್ತಿನಲ್ಲಿ ಈ ಪರೀಕ್ಷೆ ಮಾಡಿದರೆ ಹಳದಿ ಬರುವುದಕ್ಕೆ ಎರಡು ಮೂರು ದಿನ ಮೊದಲೇ ಸುಳಿವು ಸಿಗುತ್ತದೆ.

ಬರದ ಕಲೆಗೆ ಸ್ಪಷ್ಟವಾದ ಅಂಚಿಲ್ಲ. ಹಸಿರು ಮಂಕಾಗಿ, ಮಂಕು ಹಳದಿಯಾಗಿ, ಹಳದಿ ಒಣಹುಲ್ಲಿನ ಬಣ್ಣವಾಗಿ ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಕಲೆ ಬೀಳುವ ಜಾಗಕ್ಕೂ ಅರ್ಥವಿರುತ್ತದೆ. ಪಶ್ಚಿಮದ ಬಿಸಿಲು ಬಡಿಯುವ ಕಾಂಪೌಂಡ್ ಗೋಡೆಯ ಬುಡ, ಕಾರು ನಿಲ್ಲಿಸುವ ಸಿಮೆಂಟ್ ನೆಲದ ಪಕ್ಕ, ಇಳಿಜಾರು, ಸ್ಪ್ರಿಂಕ್ಲರ್ ನೀರು ತಲುಪದ ಮೂಲೆ, ಇವು ಮೊದಲು ಒಣಗುವ ಜಾಗಗಳು. ನಮ್ಮ ನಗರಗಳ ಲಾನ್‌ಗಳಿಗೆ ಇನ್ನೊಂದು ಕಾರಣವೂ ಇದೆ. ಮನೆ ಕಟ್ಟಿ ಮುಗಿಸಿದ ಮೇಲೆ ಉಳಿದ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಗಾರೆಯನ್ನು ಅಲ್ಲೇ ಹರಡಿ, ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹಾಕಿ, ಅದರ ಮೇಲೆ ಹುಲ್ಲಿನ ಹಾಸು ಬಿಡಿಸಿ ಹೋಗಿರುತ್ತಾರೆ. ಮಳೆಗಾಲದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಮಳೆ ನಿಂತ ಒಂದು ವಾರಕ್ಕೆ ಕಸ ಹೂತಿರುವ ಜಾಗದ ಆಕಾರವೇ ಹಳದಿಯಾಗಿ ಮೇಲೆ ಮೂಡುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಹಸಿರಾಗಿರುವ ಕಡೆ ಚುಚ್ಚಿ, ಆಮೇಲೆ ಹಳದಿಯಾದ ಕಡೆ ಚುಚ್ಚಿ. ಹಸಿರಿನಲ್ಲಿ ಅರ್ಧ ಅಡಿ ಸಲೀಸಾಗಿ ಇಳಿದದ್ದು ಹಳದಿಯಲ್ಲಿ ಎರಡು ಬೆರಳಿಗೇ ನಿಂತರೆ ಅಲ್ಲಿ ಮಣ್ಣು ಒಣಗಿದೆ ಅಥವಾ ಮಣ್ಣೇ ಇಲ್ಲ. ಚೆನ್ನಾಗಿ ನೀರು ಕೊಟ್ಟು ಮಾರನೇ ದಿನ ಮತ್ತೆ ಚುಚ್ಚಿ ನೋಡಿ. ಈಗ ಇಳಿದರೆ ಕೊರತೆ ನೀರಿನದು. ಟಣ್ ಎಂದು ತಗುಲಿ ನಿಂತರೆ ಕಲ್ಲೋ ಗಾರೆಯೋ ಇದೆ. ಸ್ಕ್ರೂಡ್ರೈವರ್ ಇಳಿಯುತ್ತದೆ, ಆದರೂ ಒಳಗಿನ ಮಣ್ಣು ಪುಡಿಪುಡಿಯಾಗಿ ಒಣಗೇ ಇದೆ ಎಂದಾದರೆ ಆ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ಕೂತೇ ಇದ್ದರೆ ಮಣ್ಣು ನೀರನ್ನೇ ಒಲ್ಲೆ ಎನ್ನುತ್ತಿದೆ. ಕೊಳೆತ ಹುಲ್ಲಿನ ಮೇಣದಂಥ ಅಂಶ ಮಣ್ಣಿನ ಕಣಗಳಿಗೆ ಲೇಪವಾದಾಗ ಹೀಗಾಗುತ್ತದೆ. ಅಲ್ಲಿ ಮುಳ್ಳುಗೋಲಿನಿಂದ ತೂತು ಮಾಡಿ, ಕೊಡುವ ನೀರನ್ನು ಎರಡು ಮೂರು ಕಂತು ಮಾಡಿ ಕೊಟ್ಟರೆ ಮಾತ್ರ ಒಳಗಿಳಿಯುತ್ತದೆ.

ದಿನಾ ನೀರು ಹಾಯಿಸುತ್ತೇವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಎಂಬುದನ್ನು ಅಳೆದು ನೋಡುವುದು ಒಳ್ಳೆಯದು. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ಸುರಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಬೇಸಿಗೆಯಲ್ಲಿ ಲಾನ್ ಹಸಿರಾಗಿರಲು ವಾರಕ್ಕೆ ಸುಮಾರು 25 ಮಿಲಿಮೀಟರ್ ಬೇಕು. ಹದಿನೈದು ಲೀಟರಿನ ಬಕೆಟ್ ನಿಮ್ಮ ಪೈಪಿನಿಂದ ಒಂದು ನಿಮಿಷದಲ್ಲಿ ತುಂಬುತ್ತದೆ ಎಂದುಕೊಳ್ಳಿ. ಹದಿನೈದು ಅಡಿಗೆ ಇಪ್ಪತ್ತು ಅಡಿಯ ಲಾನ್ ಎಂದರೆ ಸುಮಾರು 28 ಚದರ ಮೀಟರ್. ಅದಕ್ಕೆ ಹತ್ತು ನಿಮಿಷ ಪೈಪು ಹಿಡಿದರೆ ಬೀಳುವುದು ಐದು ಮಿಲಿಮೀಟರ್ ಚಿಲ್ಲರೆ. ಅದು ಮೇಲಿನ ಒಂದೆರಡು ಇಂಚು ನೆನೆಸಿ ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ಹೀಗೆ ದಿನವೂ ಮೇಲುಮೇಲೆ ನೆನೆದ ಹುಲ್ಲಿನ ಬೇರು ಮೇಲೇ ಉಳಿಯುತ್ತದೆ, ಪೈಪು ಒಂದು ದಿನ ತಪ್ಪಿದರೂ ಸೊರಗುತ್ತದೆ. ಅಷ್ಟೇ ನೀರನ್ನು ಕೂಡಿಸಿ ವಾರಕ್ಕೆ ಎರಡೇ ಸಲ, ಅರ್ಧ ಅಡಿ ಆಳ ನೆನೆಯುವಂತೆ ಕೊಟ್ಟರೆ ಬೇರು ಕೆಳಗಿಳಿಯುತ್ತದೆ.

ನೀರಿಗೇ ತತ್ವಾರವಿದ್ದಾಗ ಏನು ಮಾಡುವುದು? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ಹಲವರಿಗೆ ನೆನಪಿರಬಹುದು. ಅಂಥ ಬೇಸಿಗೆಯಲ್ಲಿ ಹುಲ್ಲು ಹಳದಿಯಾಗಲು ಬಿಡುವುದೇ ಸರಿ. ಗರಿಕೆ ಒಣಗಿದಂತೆ ಕಂಡರೂ ಅದರ ಗೆಣ್ಣು, ನೆಲದೊಳಗಿನ ಬಳ್ಳಿ ಜೀವ ಹಿಡಿದಿರುತ್ತವೆ. ಎರಡು ಮೂರು ವಾರಕ್ಕೊಮ್ಮೆ ಹತ್ತು ಹನ್ನೆರಡು ಮಿಲಿಮೀಟರಿನಷ್ಟು ನೀರು ಕೊಟ್ಟರೆ ಸಾಕು, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಬಟ್ಟೆ ಒಗೆದ ನೀರನ್ನು ಹಾಯಿಸುವ ಆಸೆ ಹಲವರಿಗಿರುತ್ತದೆ. ಸೋಪಿನ ಪುಡಿಯಲ್ಲಿರುವ ಸೋಡಿಯಂ ಉಪ್ಪು ಮಣ್ಣಿನಲ್ಲಿ ಕೂತು ಇನ್ನೊಂದು ಬಗೆಯ ಹಳದಿ ತರುತ್ತದೆ, ಆದ್ದರಿಂದ ಅದು ಬೇಡ. ತರಕಾರಿ, ಅಕ್ಕಿ ತೊಳೆದ ನೀರಾದರೆ ಅಡ್ಡಿಯಿಲ್ಲ.

ಚೆನ್ನಾಗಿ ನೆನೆಸಿದ ನಾಲ್ಕೈದು ದಿನಕ್ಕೆ ಗರಿ ಬಿಚ್ಚಿಕೊಂಡರೆ ಅದು ಬರ. ಬಿಚ್ಚಿಕೊಳ್ಳದಿದ್ದರೆ ಬೇರಿನ ಕಡೆ ತಿರುಗಬೇಕು.

ಕಬ್ಬು, ಶೇಂಗಾ ಬೆಳೆಯುವವರಿಗೆ ಗೊಣ್ಣೆಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಪೇಟೆಯ ಲಾನ್ ಇರುವವರಿಗೆ ಮಾತ್ರ ಅದು ಹೊಸದು. ಮೈ ಬೆಳ್ಳಗೆ ಕೊಬ್ಬಿ, ತಲೆ ಕಂದಾಗಿ, ಎದೆಯ ಹತ್ತಿರ ಮೂರು ಜೊತೆ ಕಾಲಿರುವ ಈ ಹುಳು ಮುಟ್ಟಿದರೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ ಮಲಗುತ್ತದೆ. ಇದು ಒಂದು ದುಂಬಿಯ ಮರಿ. ಕರ್ನಾಟಕದಲ್ಲಿ ಹೊಲಗಳನ್ನು ಹೆಚ್ಚಾಗಿ ಕಾಡುವುದು ಹೋಲೋಟ್ರೈಕಿಯಾ ಸೆರೇಟಾ ಎಂಬ ಜಾತಿ. ಅದರ ವರ್ಷದ ದಿನಚರಿ ಗೊತ್ತಿದ್ದರೆ ಲಾನಿನಲ್ಲಿ ಕಾಣುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮುಂಗಾರಿಗೆ ಮೊದಲಿನ ಜೋರು ಮಳೆ ಬಿದ್ದು ನೆಲ ನೆನೆದ ಸಂಜೆ ಕಂದು ಬಣ್ಣದ ದುಂಬಿಗಳು ಮಣ್ಣಿನಿಂದ ಏಳುತ್ತವೆ. ಬೇವಿನ ಮರ ಹತ್ತಿರವಿದ್ದರೆ ಅದಕ್ಕೆ ಮುತ್ತುತ್ತವೆ, ರಾತ್ರಿಯೆಲ್ಲ ಎಲೆ ತಿನ್ನುತ್ತವೆ, ಬೆಳಗಾಗುವುದರೊಳಗೆ ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮೊಟ್ಟೆಗೆ ಹಸಿ ಮಣ್ಣು ಬೇಕು. ಜೂನಿನಲ್ಲಿ ಮಳೆ ಕೈಕೊಟ್ಟು ಸುತ್ತೆಲ್ಲ ಒಣಗಿರುವಾಗ ದಿನಾ ನೀರು ಕಂಡ ಲಾನೇ ಅವಕ್ಕೆ ಸಿಗುವ ಹಸಿ ನೆಲ. ಹೀಗೆ ಅತಿಯಾಗಿ ಆರೈಕೆ ಕಂಡ ಲಾನಿಗೇ ಹುಳುವಿನ ಕಾಟ ಹೆಚ್ಚು ಬರುವುದುಂಟು. ಮೊಟ್ಟೆಯೊಡೆದ ಮರಿ ಮೊದಲು ಮಣ್ಣಿನ ಕೊಳೆತ ಅಂಶವನ್ನೂ ಎಳೆ ಬೇರನ್ನೂ ಮೇಯುತ್ತದೆ. ಆಗ ಅದು ಎಷ್ಟು ಸಣ್ಣದೆಂದರೆ ಲಾನಿನಲ್ಲಿ ಏನೂ ಕಾಣುವುದಿಲ್ಲ. ಎರಡು ಸಲ ಪೊರೆ ಬಿಟ್ಟು ಮೂರನೇ ಹಂತಕ್ಕೆ ಬಂದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದರ ಹಸಿವು ಹೆಚ್ಚು. ಆಮೇಲೆ ಆಳಕ್ಕಿಳಿದು ಗೂಡು ಕಟ್ಟಿ ಕೋಶವಾಗುತ್ತದೆ. ದುಂಬಿಯಾದ ಮೇಲೂ ಮುಂದಿನ ಬೇಸಿಗೆಯ ಮಳೆಯವರೆಗೆ ನೆಲದೊಳಗೇ ಕಾದಿರುತ್ತದೆ.

ಮಳೆ ಬೀಳುತ್ತಿರುವಷ್ಟು ದಿನ ಅರ್ಧ ಬೇರು ಕಳೆದುಕೊಂಡ ಹುಲ್ಲೂ ಹಸಿರಾಗೇ ಇರುತ್ತದೆ. ಮಳೆ ನಿಂತೊಡನೆ ಉಳಿದ ಅರ್ಧ ಬೇರಿಗೆ ನೀರು ಎಳೆಯಲಾಗುವುದಿಲ್ಲ. ಹುಳುವಿನ ಕಲೆ ಬರದ ಕಲೆಯಂತೆ ಕಾಣುವುದೂ, ಮಳೆ ನಿಂತ ಮೇಲೆಯೇ ಕಾಣುವುದೂ ಇದಕ್ಕೇ. ಮೊದಲ ಕೆಲವು ದಿನ ಹೆಜ್ಜೆ ಗುರುತು ಕೂಡ ಉಳಿಯುತ್ತದೆ. ವ್ಯತ್ಯಾಸ ಇರುವುದು ಎರಡು ವಿಷಯದಲ್ಲಿ. ನೀರು ಕೊಟ್ಟರೂ ಹುಲ್ಲು ಚೇತರಿಸಿಕೊಳ್ಳುವುದಿಲ್ಲ. ಮತ್ತೆ, ಕಲೆ ಹೆಸರಿಲ್ಲದ ಆಕಾರದಲ್ಲಿ ವಾರವಾರವೂ ಒಂದು ಬದಿಗೆ ಹಿಗ್ಗುತ್ತಾ ಹೋಗುತ್ತದೆ. ತುಳಿದರೆ ನೆಲ ಮೆತ್ತಗಿರುತ್ತದೆ, ಏಕೆಂದರೆ ಹುಳು ಓಡಾಡಿ ಮಣ್ಣು ಸಡಿಲಾಗಿರುತ್ತದೆ. ಮೈನಾ, ಕಾಗೆಗಳು ದಿನವೂ ಒಂದೇ ಜಾಗದಲ್ಲಿ ಕುಕ್ಕುತ್ತಿದ್ದರೆ, ರಾತ್ರಿ ಹೆಗ್ಗಣವೋ ಮುಂಗುಸಿಯೋ ಕೆದರಿದ ಗುರುತಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಖಚಿತಪಡಿಸಿಕೊಳ್ಳಲು ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಬೇರು ಕಡಿದುಹೋದ ಹುಲ್ಲು ಜಮಖಾನೆಯಂತೆ ಸುರುಳಿ ಸುತ್ತಿಕೊಂಡು ಬರುತ್ತದೆ ಎಂಬುದು ನಿಜ. ಆದರೆ ನಮ್ಮಲ್ಲಿ ಈ ಪರೀಕ್ಷೆಯಿಂದ ಮೋಸಹೋಗುವ ಸಾಧ್ಯತೆ ಹೆಚ್ಚು. ನರ್ಸರಿಯಿಂದ ತಂದು ಹಾಸಿದ ಹುಲ್ಲಿನ ತುಂಡುಗಳು ಕೆಳಗಿನ ಗಟ್ಟಿ ನೆಲಕ್ಕೆ ಬೇರೂರದೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ. ಅವೂ ಎಳೆದರೆ ಎದ್ದು ಬರುತ್ತವೆ, ಅಲ್ಲಿ ಒಂದು ಹುಳುವೂ ಇರುವುದಿಲ್ಲ. ಆದ್ದರಿಂದ ಎದ್ದು ಬಂತು ಎಂಬಷ್ಟಕ್ಕೆ ತೀರ್ಪು ಕೊಡಬಾರದು, ತಿರುಗಿಸಿ ಅಡಿಭಾಗ ನೋಡಬೇಕು. ಬೇರುಗಳು ಉದ್ದಕ್ಕಿದ್ದು ಚಾಪೆಯಂತೆ ಹೆಣೆದುಕೊಂಡಿದ್ದರೆ ಅವು ಕೆಳಗಿಳಿದಿಲ್ಲ ಎಂದರ್ಥ. ಬೇರುಗಳು ಮೋಟಾಗಿ, ತುದಿ ಕತ್ತರಿಸಿದಂತಿದ್ದು, ಕೆಳಗಿನ ಮಣ್ಣು ಪುಡಿಯಾಗಿದ್ದರೆ ಅದು ಹುಳುವಿನ ಕೆಲಸ.

ನಂಬಬೇಕಾದದ್ದು ಎಣಿಕೆಯನ್ನು. ಕಲೆಯ ಅಂಚಿನಲ್ಲಿ, ಅರ್ಧ ಹಸಿರು ಅರ್ಧ ಹಳದಿ ಬರುವಂತೆ ಒಂದು ಅಡಿ ಚೌಕ ಗುರುತು ಮಾಡಿ. ಮೂರು ಬದಿ ಗುದ್ದಲಿಯಿಂದ ಮೂರು ಇಂಚು ಆಳ ಕತ್ತರಿಸಿ, ನಾಲ್ಕನೆಯ ಬದಿಯನ್ನು ಹಾಗೇ ಬಿಟ್ಟು, ಪುಸ್ತಕದ ರಟ್ಟು ತೆರೆದಂತೆ ಹುಲ್ಲನ್ನು ಮಗುಚಿ. ಮಣ್ಣನ್ನು ಕುರ್ಪಿಯಿಂದ ಕೆದಕಿ ಹಳೆ ಪತ್ರಿಕೆಯ ಮೇಲೆ ಹಾಕಿ ಎಣಿಸಿ. ಮುಗಿದ ಮೇಲೆ ಹುಲ್ಲನ್ನು ಮುಚ್ಚಿ ತುಳಿದು ನೀರು ಕೊಟ್ಟರೆ ಆ ತುಂಡು ಉಳಿಯುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳು ಅಲ್ಲಿಯ ಜಪಾನಿ ದುಂಬಿಯಂಥ ಜಾತಿಗಳಿಗೆ ಸಾಮಾನ್ಯವಾಗಿ ಚದರ ಅಡಿಗೆ ಹತ್ತರ ಆಸುಪಾಸಿನ ಮಿತಿ ಹೇಳುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಆರೋಗ್ಯವಾಗಿರುವ ಲಾನ್ ತಾನೇ ತಾಳಿಕೊಳ್ಳುತ್ತದೆ. ನಮ್ಮ ಗೊಣ್ಣೆಹುಳು ಗಾತ್ರದಲ್ಲಿ ದೊಡ್ಡದು, ಹಾಗಾಗಿ ಐದಾರು ಸಿಕ್ಕರೇ ನಾನು ಕಾರ್ಯಕ್ಕಿಳಿಯುತ್ತೇನೆ. ಒಂದೆರಡು ಸಿಕ್ಕರೆ ಕೈಯಲ್ಲಿ ತೆಗೆದು ಸುಮ್ಮನಾಗುವುದು ವಾಸಿ. ಹುಳು ಕಂಡಿತು ಎಂಬ ಗಾಬರಿಯಲ್ಲಿ ಇಡೀ ಅಂಗಳಕ್ಕೆ ವಿಷ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಗೊಬ್ಬರದ ಗುಂಡಿಯಲ್ಲಿ, ಅರೆಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಹೆಬ್ಬೆರಳು ಗಾತ್ರದ ಇದೇ ಆಕಾರದ ಹುಳುಗಳು ಸಿಗುತ್ತವೆ. ಬಹುಪಾಲು ಅವು ತೆಂಗಿಗೆ ಕಾಟ ಕೊಡುವ ಕುರುವಾಯಿ ದುಂಬಿಯ ಮರಿಗಳು. ಅವು ಮೇಯುವುದು ಕೊಳೆತದ್ದನ್ನು, ಜೀವಂತ ಬೇರನ್ನಲ್ಲ. ಲಾನಿಗೆ ಹಾಕಿದ ಗೊಬ್ಬರದ ಜೊತೆ ಒಂದೆರಡು ಬಂದಿದ್ದರೆ ಹಳದಿ ಕಲೆಗೆ ಅವನ್ನು ಹೊಣೆ ಮಾಡಬೇಕಿಲ್ಲ. ತೆಂಗಿನ ಮರವಿದ್ದರೆ ಮಾತ್ರ ಅವನ್ನು ಆರಿಸಿ ತೆಗೆಯಬೇಕು.

ನಾಯಿಯ ಮೂತ್ರದ ಕಲೆಯನ್ನು ಗುರುತಿಸುವುದು ಕಷ್ಟವಲ್ಲ, ಆದರೂ ಅದರ ಬಗ್ಗೆಯೇ ಹೆಚ್ಚು ತಪ್ಪು ನಂಬಿಕೆಗಳಿವೆ. ಕಲೆ ಗುಂಡಗೆ, ಒಂದು ಗೇಣಿನ ಸುತ್ತಮುತ್ತ ಇರುತ್ತದೆ. ನಡುವೆ ಒಣಹುಲ್ಲಿನ ಬಣ್ಣ, ಅಂಚು ಗೆರೆ ಕೊರೆದಷ್ಟು ಸ್ಪಷ್ಟ, ಅಂಚಿನ ಸುತ್ತ ಸುತ್ತಲಿನ ಲಾನಿಗಿಂತ ದಟ್ಟವಾದ ಕಡುಹಸಿರಿನ ಬಳೆ. ಈ ಬಳೆ ಬರದ ಕಲೆಗೂ ಹುಳುವಿನ ಕಲೆಗೂ ಇರುವುದಿಲ್ಲ. ಮೂತ್ರದಲ್ಲಿರುವ ಯೂರಿಯಾ ಮಣ್ಣಿನಲ್ಲಿ ಒಡೆದು ಸಾರಜನಕವಾಗುತ್ತದೆ. ನಡುವೆ ಅದೂ ಉಪ್ಪೂ ಅತಿಯಾಗಿ ಬೇರು ಸುಡುತ್ತದೆ. ಅಂಚಿನಲ್ಲಿ ಹರಡಿ ತೆಳುವಾದಾಗ ಅದೇ ವಸ್ತು ಗೊಬ್ಬರವಾಗುತ್ತದೆ. ಹುಲ್ಲನ್ನು ಎಳೆದು ನೋಡಿ, ಒಣಗಿದ್ದರೂ ಬರುವುದಿಲ್ಲ, ಬೇರು ಮಣ್ಣಿನಲ್ಲಿ ಭದ್ರವಾಗಿರುತ್ತದೆ. ಮಳೆಗಾಲದಲ್ಲಿ ಅದೇ ನಾಯಿ ಅದೇ ಜಾಗಕ್ಕೆ ಬಂದರೂ ಮಳೆ ತೊಳೆದುಬಿಡುವುದರಿಂದ ಸುಡುವುದಿಲ್ಲ, ಕಡುಹಸಿರು ಗುಪ್ಪೆಗಳು ಮಾತ್ರ ಏಳುತ್ತವೆ. ಜುಲೈನಲ್ಲಿ ಅಲ್ಲಲ್ಲಿ ಎತ್ತರದ ಹಸಿರು ಗುಪ್ಪೆ ಕಂಡ ಲಾನಿನಲ್ಲಿ ಫೆಬ್ರವರಿಗೆ ಅದೇ ಜಾಗ ಹಳದಿಯಾದರೆ ಬೇರೆ ಸಾಕ್ಷಿ ಬೇಕಿಲ್ಲ. ಮನೆಯಲ್ಲಿ ನಾಯಿಯಿಲ್ಲ ಎನ್ನುವವರು ಗೇಟಿನ ಸಂದಿ ನೋಡಬೇಕು, ಬೀದಿನಾಯಿಗೂ ಮೆತ್ತನೆಯ ಹುಲ್ಲು ಇಷ್ಟ. ಮಾಲಿ ಯೂರಿಯಾ ಎರಚುವಾಗ ಕೈಯಿಂದ ಜಾರಿ ಬಿದ್ದ ಒಂದು ಹಿಡಿಯೂ ಥೇಟ್ ಇದೇ ಕಲೆ ಮಾಡುತ್ತದೆ ಎಂಬುದನ್ನೂ ಮರೆಯಬಾರದು.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಪ್ರಯೋಗ 1981ರಲ್ಲಿ ಪ್ರಕಟವಾದದ್ದು. ಅಮೆರಿಕದ ಕೊಲರಾಡೊದಲ್ಲಿ ಪಶುವೈದ್ಯರಾಗಿದ್ದ, ಮುಂದೆ ಸೆನೆಟರ್ ಆದ ವೇಯ್ನ್ ಅಲಾರ್ಡ್ ನಾಲ್ಕು ಬಗೆಯ ಹುಲ್ಲಿನ ಮೇಲೆ ನಾಯಿಯ ಮೂತ್ರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ನೋಡಿದರು. ಮೂತ್ರ ಆಮ್ಲವೋ ಕ್ಷಾರವೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಅದು ಎಷ್ಟು ಗಾಢವಾಗಿತ್ತು, ಎಷ್ಟು ಬಿತ್ತು ಎಂಬುದೇ ಮುಖ್ಯವಾಯಿತು. ಫೆಸ್ಕ್ಯೂ, ರೈ ಹುಲ್ಲುಗಳು ತಾಳಿಕೊಂಡವು. ಕೆಂಟಕಿ ಬ್ಲೂಗ್ರಾಸ್ ಮತ್ತು ಬರ್ಮುಡಾ ಬೇಗ ಸುಟ್ಟವು. ಬರ್ಮುಡಾ ಎಂದರೆ ನಮ್ಮ ಗರಿಕೆಯ ಕುಲವೇ. ಅಂದರೆ ನಮ್ಮ ಲಾನುಗಳು ಈ ಹಾನಿಗೆ ಸೂಕ್ಷ್ಮ ಎಂದಾಯಿತು. ಆದರೆ ಗರಿಕೆಗೆ ಬಳ್ಳಿ ಹರಿಸಿ ಸುತ್ತಲಿಂದ ಮುಚ್ಚಿಕೊಳ್ಳುವ ಶಕ್ತಿಯೂ ಇದೆ. ಕೊರಿಯನ್ ಹುಲ್ಲು ಎಂದು ಮಾರುವ ಜೋಯ್ಸಿಯಾ ಜಾತಿ ಅಷ್ಟು ಬೇಗ ಹರಡುವುದಿಲ್ಲ, ಅದರಲ್ಲಿ ಬಿದ್ದ ತೂತಿಗೆ ಹೊಸ ಹುಲ್ಲು ನೆಡಲೇಬೇಕು.

ಆಮ್ಲದ ಪಾತ್ರ ದೊಡ್ಡದಲ್ಲ ಎಂಬುದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ. ನಾಯಿಯ ಊಟಕ್ಕೆ ಅಡುಗೆ ಸೋಡಾ, ಟೊಮೆಟೊ ರಸ, ಮೂತ್ರದ ಗುಣ ಬದಲಿಸುತ್ತವೆ ಎನ್ನುವ ಮಾತ್ರೆ ಬೆರೆಸುವುದರಿಂದ ಹುಲ್ಲಿಗೆ ಲಾಭವಿಲ್ಲ. ನಾಯಿಗೆ ಮೂತ್ರಕೋಶದ ಕಲ್ಲಿನಂಥ ತೊಂದರೆ ಬರಬಹುದು. ಪಶುವೈದ್ಯರು ಹೇಳದೆ ಇಂಥದ್ದೇನನ್ನೂ ಕೊಡಬಾರದು. ಕುಡಿಯುವ ನೀರು ಸದಾ ಸಿಗುವಂತಿಟ್ಟರೆ ಮೂತ್ರ ತೆಳುವಾಗುತ್ತದೆ, ಅಷ್ಟು ಮಾಡಿದರೆ ಸಾಕು. ಹೆಣ್ಣುನಾಯಿಯ ಮೂತ್ರ ಹೆಚ್ಚು ಖಾರ ಎಂಬ ಮಾತೂ ನಿಜವಲ್ಲ. ಹೆಣ್ಣುನಾಯಿ, ಮರಿನಾಯಿಗಳು ಕೂತು ಒಂದೇ ಕಡೆ ಪೂರ್ತಿ ಬಿಡುತ್ತವೆ, ಗಂಡು ಕಾಲೆತ್ತಿ ಹತ್ತು ಕಡೆ ಸ್ವಲ್ಪ ಸ್ವಲ್ಪ ಬಿಡುತ್ತದೆ. ಗಂಡುನಾಯಿಯಿರುವ ಮನೆಯಲ್ಲಿ ಲಾನಿನ ನಡುವೆ ಕಲೆ ಕಡಿಮೆ, ಗಿಡದ ಬುಡ, ಕಂಬದ ಬುಡ ಒಣಗಿರುತ್ತವೆ.

ಈಚೆಗೆ ನಾನು ಹೋಗಿ ನೋಡಿದ ಮೈಸೂರಿನ ಒಂದು ಮನೆಯ ಲಾನಿನಲ್ಲಿ ಈ ಮೂರೂ ಒಟ್ಟಿಗೆ ಇದ್ದವು. ಹದಿನೈದಕ್ಕೆ ಇಪ್ಪತ್ತು ಅಡಿಯ ಗರಿಕೆ ಲಾನ್, ಅಕ್ಟೋಬರ್ ಮೊದಲ ವಾರ, ಮಳೆ ನಿಂತು ಹತ್ತು ದಿನ. ಮನೆಯೊಡತಿ ಮಳೆ ನಿಂತಾಗಿನಿಂದ ಬೆಳಿಗ್ಗೆ ಸಂಜೆ ನೀರು ಹಾಯಿಸುತ್ತಿದ್ದರು. "ಎಲ್ಲಾ ಒಂದೇ ರೋಗ ಕಣ್ರೀ, ಗೇಟಿನ ಹತ್ತಿರ ಶುರುವಾಗಿ ಹಿಂದಿನವರೆಗೂ ಹಬ್ಬಿಬಿಟ್ಟಿದೆ" ಎಂದರು. ಅವರ ಮಾತಿನಂತೆ ದೂರದಿಂದ ಅದು ಒಂದೇ ರೋಗದಂತೆ ಕಾಣುತ್ತಿತ್ತು.

ಗೇಟಿನ ಬಳಿ ತಟ್ಟೆಯಗಲದ ಏಳೆಂಟು ಕಲೆಗಳು, ಪ್ರತಿಯೊಂದಕ್ಕೂ ಕಡುಹಸಿರು ಬಳೆ. ಎಳೆದರೆ ಹುಲ್ಲು ಬರಲಿಲ್ಲ. ಮನೆಯ ಹೆಣ್ಣುನಾಯಿಯನ್ನು ಬೆಳಿಗ್ಗೆ ಸರಪಳಿ ಬಿಚ್ಚಿದೊಡನೆ ಅದು ಓಡುವುದು ಅಲ್ಲಿಗೇ. ಕಾರಿನ ಸಿಮೆಂಟ್ ದಾರಿಯ ಪಕ್ಕದಲ್ಲಿ ಎರಡು ಅಡಿ ಅಗಲದ ಪಟ್ಟಿ ಉದ್ದಕ್ಕೂ ಮಂಕಾಗಿತ್ತು. ಅಂಚು ಕರಗಿದಂತಿತ್ತು. ಸ್ಕ್ರೂಡ್ರೈವರ್ ಎರಡು ಬೆರಳಿಗೆ ನಿಂತಿತು. ಬಗೆದಾಗ ಇಟ್ಟಿಗೆ ಚೂರು, ಗಾರೆಯ ಉಂಡೆಗಳು ಬಂದವು. ಅವರು ಹಾಯಿಸುತ್ತಿದ್ದ ನೀರು ಅಲ್ಲಿ ನಿಲ್ಲದೆ ಸಿಮೆಂಟಿನ ಮೇಲೆ ಹರಿದು ಬೀದಿಗೆ ಹೋಗುತ್ತಿತ್ತು. ಹಿಂದಿನ ಮೂಲೆಯಲ್ಲಿ, ಪಕ್ಕದ ಮನೆಯ ಬೇವಿನ ಮರದ ಕೊಂಬೆ ಚಾಚಿರುವ ಕಡೆ, ಒಂದು ಚಾಪೆಯಷ್ಟು ಜಾಗ ಅಂಕುಡೊಂಕಾಗಿ ಹಳದಿಯಾಗಿ ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ಮೈನಾಗಳು ನಮ್ಮನ್ನು ಕಂಡು ಹಾರಿದ್ದು ಅಲ್ಲಿಂದಲೇ. ಅಂಚಿನಲ್ಲಿ ಒಂದಡಿ ಚೌಕ ಮಗುಚಿದಾಗ ಒಂಬತ್ತು ಹುಳು, ಕಲೆಯ ನಟ್ಟನಡುವೆ ಒಂದು, ಎರಡಡಿ ಆಚೆಯ ಹಸಿರಿನಲ್ಲಿ ಎರಡು ಸಿಕ್ಕವು. ನಡುವಿನಲ್ಲಿ ಬೇರು ಮುಗಿಸಿ ಅವು ಅಂಚಿಗೆ ಬಂದಿದ್ದವು. ಮಾಲಿ ಹಿಂದಿನ ವಾರ ನಡುವಿನಲ್ಲಿ ಅಗೆದು ಹುಳುವೇನೂ ಇಲ್ಲ ಎಂದು ಹೇಳಿ ಹೋಗಿದ್ದನಂತೆ, ಅವನು ಕಂಡದ್ದರಲ್ಲಿ ಸುಳ್ಳಿರಲಿಲ್ಲ. ಸಿಮೆಂಟಿನ ಪಕ್ಕದ ಪಟ್ಟಿಯಲ್ಲಿ ಹುಳು ಒಂದೂ ಇರಲಿಲ್ಲ.

ಲಾನ್ ಚಿಕ್ಕದಾಗಿದ್ದರೆ ಹುಳುವಿಗೆ ಕೈಯಿಗಿಂತ ಒಳ್ಳೆಯ ಔಷಧಿ ಇಲ್ಲ. ಸಡಿಲವಾದ ಹುಲ್ಲನ್ನು ಸುರುಳಿ ಸುತ್ತಿ, ಅದರಡಿ ಮತ್ತು ಸುತ್ತಲಿನ ಒಂದಡಿ ಅಗಲವನ್ನು ನಾಲ್ಕು ಇಂಚು ಕೆದಕಿ, ಸಿಕ್ಕ ಹುಳುಗಳನ್ನು ಸೋಪಿನ ನೀರಿಗೆ ಹಾಕಿದೆವು. ಹುಲ್ಲನ್ನು ಮತ್ತೆ ಹಾಸಿ, ತುಳಿದು, ದಿನಾ ಸ್ವಲ್ಪ ನೀರು ಕೊಡಲು ಹೇಳಿದೆ. ಬೇರಿಲ್ಲದ ಹುಲ್ಲಿಗೆ ಮಾತ್ರ, ಹೊಸ ಬೇರು ಬರುವ ತನಕ, ದಿನವೂ ಸ್ವಲ್ಪ ಸ್ವಲ್ಪ ನೀರು ಸರಿ. ಕಲೆ ದೊಡ್ಡದಾಗಿದ್ದರೆ ಹುಳುವನ್ನು ಕೊಲ್ಲುವ ಸೂಕ್ಷ್ಮ ಜಂತುಹುಳುಗಳನ್ನು ಬಳಸಬಹುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಹೆಟೆರೊರ್ಹಾಬ್ಡಿಟಿಸ್ ಇಂಡಿಕಾ ಎಂಬ ಜಂತುವನ್ನು ನೀರಿನಲ್ಲಿ ಕಲಸುವ ಪುಡಿಯ ರೂಪಕ್ಕೆ ತಂದಿದೆ. ಅದು ಹುಳುವಿನ ಮೈಯೊಳಗೆ ಹೊಕ್ಕು ತನ್ನ ಬ್ಯಾಕ್ಟೀರಿಯಾ ಬಿಡುಗಡೆ ಮಾಡಿ ಕೊಲ್ಲುತ್ತದೆ, ನಾಯಿಗೆ, ಮಕ್ಕಳಿಗೆ, ಎರೆಹುಳುವಿಗೆ ಅಪಾಯವಿಲ್ಲ. ಆದರೆ ಅದು ಜೀವಂತ ವಸ್ತು. ಬಿಸಿಲಿಗೆ, ಒಣಮಣ್ಣಿಗೆ ಸಾಯುತ್ತದೆ. ಮೊದಲೇ ನೆನೆಸಿದ ನೆಲಕ್ಕೆ ಸಂಜೆ ಹೊತ್ತು ಹಾಕಿ, ಮೇಲೆ ಮತ್ತೆ ನೀರು ಕೊಟ್ಟು, ಒಂದೆರಡು ವಾರ ನೆಲ ಆರದಂತೆ ನೋಡಿಕೊಳ್ಳಬೇಕು. ಮೆಟಾರೈಜಿಯಂ ಶಿಲೀಂಧ್ರವೂ ಕೆಲಸ ಮಾಡುತ್ತದೆ, ನಿಧಾನ. ರಾಸಾಯನಿಕ ಕೀಟನಾಶಕ ನಾಟುವುದು ಜುಲೈ, ಆಗಸ್ಟ್‌ನ ಸಣ್ಣ ಹುಳುವಿಗೆ. ಅಕ್ಟೋಬರ್ ಕೊನೆಗೆ ಕೋಶವಾಗಲು ಆಳಕ್ಕಿಳಿಯುತ್ತಿರುವ ಹುಳುವಿನ ಮೇಲೆ ಅದನ್ನು ಸುರಿದರೆ ನಾಯಿ ಮಲಗುವ ಹುಲ್ಲಿಗೆ ವಿಷ ತಗುಲುತ್ತದೆ, ಹುಳು ಕೆಳಗೆ ಕ್ಷೇಮವಾಗಿರುತ್ತದೆ.

ಗೇಟಿನ ಬಳಿಯ ಕಲೆಗಳಲ್ಲಿ ಸತ್ತ ಹುಲ್ಲನ್ನು ಬಾಚಿ ತೆಗೆದು, ಒಂದೊಂದಕ್ಕೂ ಅರ್ಧ ಬಕೆಟ್ ನೀರನ್ನು ಬಿಟ್ಟು ಬಿಟ್ಟು ಮೂರು ಸಲ ಸುರಿಸಿದೆ, ಉಪ್ಪು ಕೆಳಗಿಳಿಯಲಿ ಎಂದು. ಚಿಕ್ಕವನ್ನು ಹಾಗೇ ಬಿಟ್ಟೆವು, ಗರಿಕೆಯ ಬಳ್ಳಿ ಮುಚ್ಚಿಕೊಳ್ಳುತ್ತದೆ. ದೊಡ್ಡ ಎರಡರಲ್ಲಿ ಒಂದೂವರೆ ಇಂಚು ಮಣ್ಣು ತೆಗೆದು ಹೊಸ ಮಣ್ಣು, ಪೂರ್ತಿ ಕಳಿತ ಗೊಬ್ಬರ ತುಂಬಿ, ಲಾನಿನ ಅಂಚಿನಿಂದಲೇ ಕಿತ್ತ ಗರಿಕೆಯ ತುಂಡುಗಳನ್ನು ಮೂರು ಇಂಚಿಗೊಂದರಂತೆ ನೆಟ್ಟೆವು. ಅಂಗಡಿಯವರು ಜಿಪ್ಸಂ ಹಾಕಿ ಎಂದಿದ್ದರಂತೆ. ಸೋಡಿಯಂ ತುಂಬಿದ ಚೌಳುಮಣ್ಣಿಗೆ ಅದು ಮದ್ದು, ಸಾರಜನಕದ ಸುಟ್ಟಗಾಯಕ್ಕಲ್ಲ. ಮುಂದೆ ಕಲೆ ಬೀಳದಂತೆ ನಾಯಿ ಹೋದ ಜಾಗಕ್ಕೆ ತಕ್ಷಣ ಎರಡು ಮೂರು ಚೊಂಬು ನೀರು ಹಾಕುವುದು ಒಂದು ದಾರಿ. ಅಲಾರ್ಡ್ ಅವರ ಪ್ರಯೋಗದಲ್ಲಿ ಎಂಟು ಗಂಟೆಯೊಳಗೆ ನೀರು ಬಿದ್ದಲ್ಲಿ ಹುಲ್ಲು ಸುಡದೆ ಹಸಿರಾಯಿತು, ಹನ್ನೆರಡು ಗಂಟೆ ತಡವಾದಲ್ಲಿ ಸುಡತೊಡಗಿತು. ಹಾಗಾಗಿ ಬೆಳಿಗ್ಗೆ ನಾಯಿ ಹೋದದ್ದಕ್ಕೆ ಸಂಜೆ ಆಫೀಸಿನಿಂದ ಬಂದು ನೀರು ಹಾಕಿದರೆ ತಡವಾಗಿರುತ್ತದೆ. ಅದು ಸಾಧ್ಯವಿಲ್ಲದ ಮನೆಯಲ್ಲಿ ಒಂದು ಮೂಲೆಗೆ ಮರಳು ಹಾಕಿ, ಕೆಲವು ವಾರ ಸರಪಳಿ ಹಿಡಿದು ಅಲ್ಲಿಗೇ ಕರೆದೊಯ್ದು ರೂಢಿ ಮಾಡಿಸಬೇಕು. ಆ ಮನೆಯವರು ಇದನ್ನೇ ಆರಿಸಿಕೊಂಡರು.

ಕಾರಿನ ದಾರಿಯ ಪಕ್ಕದ ಪಟ್ಟಿಗೆ ನೀರಿನಿಂದ ಪರಿಹಾರವಿರಲಿಲ್ಲ. ಅರ್ಧ ಅಡಿ ಆಳ ಅಗೆದು ಕಸ ತೆಗೆದು ಮಣ್ಣು ತುಂಬಬೇಕು, ಇಲ್ಲವೇ ಅಲ್ಲಿ ಹುಲ್ಲಿನ ಆಸೆ ಬಿಡಬೇಕು. ಇಪ್ಪತ್ತು ಅಡಿ ಉದ್ದ, ಎರಡು ಅಡಿ ಅಗಲ, ಅರ್ಧ ಅಡಿ ಆಳ ಎಂದರೆ ಇಪ್ಪತ್ತು ಘನ ಅಡಿ ಕಸ. ಇಬ್ಬರು ಆಳುಗಳ ಒಂದು ದಿನದ ಕೆಲಸ. ಅವರು ಕಪ್ಪು ಕಲ್ಲುಚಪ್ಪಡಿ ಹಾಸಿ, ಅದರ ಸಂದಿಯಲ್ಲಿ ಒಂದೆಲಗ ನೆಟ್ಟರು. ಲಾನ್ ಅಷ್ಟು ಕಡಿಮೆಯಾದದ್ದರಿಂದ ವಾರಕ್ಕೆ ಸುಮಾರು 90 ಲೀಟರ್ ನೀರೂ ಉಳಿಯಿತು.

ಉಳಿದಿರುವುದು ಪಕ್ಕದ ಮನೆಯ ಬೇವಿನ ಮರ. ನೆಲದೊಳಗೆ ಉಳಿದ ದುಂಬಿಗಳು ಬರುವ ಬೇಸಿಗೆಯ ಮೊದಲ ದೊಡ್ಡ ಮಳೆಗೆ ಏಳುತ್ತವೆ. ಆ ರಾತ್ರಿ ಮತ್ತು ಮುಂದಿನ ಕೆಲವು ರಾತ್ರಿ, ಏಳೂವರೆಯಿಂದ ಒಂಬತ್ತರ ನಡುವೆ, ಕೊಂಬೆಗಳ ಕೆಳಗೆ ಹಳೆಯ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟಿಗೆ ಹಾಕಬೇಕು. ಶೇಂಗಾ ಬೆಳೆಯುವ ಊರುಗಳಲ್ಲಿ ರೈತರು ಒಟ್ಟಾಗಿ ಮಾಡುವುದು ಇದನ್ನೇ. ಒಬ್ಬರೇ ಮಾಡಿದರೆ ಪಕ್ಕದ ಅಂಗಳದಿಂದ ಮತ್ತೆ ಬರುತ್ತವೆ, ಆದ್ದರಿಂದ ಮರದ ಮಾಲೀಕರನ್ನೂ ಆಚೆಯ ಮನೆಯವರನ್ನೂ ಏಪ್ರಿಲ್‌ನಲ್ಲೇ ಮಾತನಾಡಿಸಿ ಒಪ್ಪಿಸಿಟ್ಟುಕೊಳ್ಳಬೇಕು ಎಂದು ಮನೆಯೊಡತಿಗೆ ಹೇಳಿ ಬಂದಿದ್ದೇನೆ.